ಸಿಡಿಎಂಎ: ಒಂದೇ ಫ್ರೀಕ್ವೆನ್ಸಿಯಲ್ಲಿ ಎಲ್ಲರ ಮಾತು, ಆದರೂ ಕಲಸುಮೇಲೋಗರ ಆಗುವುದಿಲ್ಲ! ಹೇಗೆ?

2003ರ ಮಳೆಗಾಲ. ಆರಂಭದಲ್ಲಿ 501 ರೂಪಾಯಿ ಕಟ್ಟಿದರೆ ಸಾಕು, ಮೊಬೈಲ್ ಫೋನ್ ಕೈಗೆ ಬರುತ್ತದೆ ಎಂಬ ರಿಲಯನ್ಸ್ ಇನ್ಫೋಕಾಮ್‌ನ 'ಮಾನ್ಸೂನ್ ಹಂಗಾಮಾ' ಯೋಜನೆ ದೇಶದೆಲ್ಲೆಡೆ ಸುದ್ದಿ ಮಾಡಿತ್ತು. ಅನೇಕರ ಮನೆಗೆ ಮೊದಲ ಮೊಬೈಲ್ ಬಂದದ್ದು ಆಗಲೇ. ಆ ಫೋನಿನಲ್ಲಿ ಒಂದು ವಿಚಿತ್ರ ಇತ್ತು, ಸಿಮ್ ಕಾರ್ಡ್ ಹಾಕುವ ಜಾಗವೇ ಇರಲಿಲ್ಲ. ಹಾಗಾಗಿ ಸಿಡಿಎಂಎ ಎಂದರೆ 'ಸಿಮ್ ಇಲ್ಲದ ಫೋನ್' ಎಂದೇ ಬಹಳ ಜನ ಇಂದಿಗೂ ನೆನಪಿಟ್ಟುಕೊಂಡಿದ್ದಾರೆ.

ನಿಜ ಹೇಳಬೇಕೆಂದರೆ ಸಿಮ್‌ಗೂ ಸಿಡಿಎಂಎಗೂ ತಾಂತ್ರಿಕವಾಗಿ ಸಂಬಂಧವೇ ಇಲ್ಲ. ಅದು ಆಗಿನ ಫೋನುಗಳನ್ನು ಮಾರುತ್ತಿದ್ದ ಕ್ರಮ ಅಷ್ಟೇ. ಕೋಡ್ ಡಿವಿಷನ್ ಮಲ್ಟಿಪಲ್ ಆಕ್ಸೆಸ್ ಎಂಬ ಹೆಸರಿನಲ್ಲೇ ಅಸಲಿ ವಿಷಯ ಇದೆ. ಹಲವರು ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಕ್ಷಣದಲ್ಲಿ ಮಾತನಾಡುತ್ತಾರೆ. ಎಲ್ಲರ ಸಂಕೇತಗಳೂ ಗಾಳಿಯಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಆದರೂ ನಿಮ್ಮ ಫೋನ್ ನಿಮಗೆ ಬಂದ ಮಾತನ್ನಷ್ಟೇ ಹೆಕ್ಕಿ ತೆಗೆಯುತ್ತದೆ. ಇದರ ಹಿಂದೆ ಇರುವುದು ಪ್ರಾಥಮಿಕ ಶಾಲೆಯ ಗುಣಾಕಾರ ಮತ್ತು ಕೂಡುವ ಲೆಕ್ಕ. ಕಾಗದ, ಪೆನ್ನು ಹಿಡಿದರೆ ಹತ್ತು ನಿಮಿಷದಲ್ಲಿ ನೀವೇ ಮಾಡಿ ನೋಡಬಹುದು.

ಹಂಚಿಕೊಳ್ಳಲು ಮೂರು ದಾರಿ

ಒಂದು ಟವರ್, ನಾಲ್ಕು ಫೋನುಗಳು ಇವೆ ಎಂದುಕೊಳ್ಳಿ. ತರಂಗಾಂತರ ಇರುವುದು ಒಂದೇ ತುಂಡು. ಅದನ್ನು ನಾಲ್ವರಿಗೆ ಹಂಚುವುದು ಹೇಗೆ?

ಮೊದಲ ದಾರಿ, ಆ ತುಂಡನ್ನೇ ನಾಲ್ಕು ಪಟ್ಟಿಗಳಾಗಿ ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಎಫ್‌ಎಂ ರೇಡಿಯೋ ಕೇಂದ್ರಗಳು ಮಾಡುವುದು ಇದನ್ನೇ. ಎರಡನೆಯ ದಾರಿ, ಇಡೀ ತುಂಡನ್ನು ಸರದಿಯಂತೆ ಬಳಸುವುದು. ಈ ಗಳಿಗೆ ನಿನ್ನದು, ಮುಂದಿನದು ಅವನದು ಎಂದು ಕಾಲವನ್ನೇ ಹಂಚಿಕೊಡುವುದು. 2ಜಿ ಜಿಎಸ್‌ಎಂ ಫೋನುಗಳು ಈ ಎರಡನ್ನೂ ಸೇರಿಸಿಕೊಂಡು, ಒಂದು ಫ್ರೀಕ್ವೆನ್ಸಿ ಪಟ್ಟಿಯಲ್ಲಿ ಎಂಟು ಸರದಿ ಇಟ್ಟುಕೊಂಡಿದ್ದವು.

ಮೂರನೆಯ ದಾರಿಯೇ ಸಿಡಿಎಂಎ. ಇಲ್ಲಿ ಪಟ್ಟಿಯನ್ನೂ ಕತ್ತರಿಸುವುದಿಲ್ಲ, ಸರದಿಯೂ ಇಲ್ಲ. ಎಲ್ಲರಿಗೂ ಇಡೀ ಪಟ್ಟಿ, ಎಲ್ಲಾ ಹೊತ್ತೂ. ಬದಲಿಗೆ ಒಬ್ಬೊಬ್ಬರಿಗೂ ಒಂದೊಂದು ಕೋಡ್ ಕೊಡಲಾಗುತ್ತದೆ. ಬೆರೆತ ಸಂಕೇತವನ್ನು ಬಿಡಿಸುವ ಕೀಲಿಯೇ ಆ ಕೋಡ್.

ಚಿಪ್ ಎಂದರೇನು?

ಡಿಜಿಟಲ್ ಸಂಕೇತದಲ್ಲಿ ಕಳುಹಿಸಬೇಕಾದ ಮಾಹಿತಿ 1 ಅಥವಾ 0 ಎಂಬ ಬಿಟ್‌ಗಳ ರೂಪದಲ್ಲಿರುತ್ತದೆ. ಸಿಡಿಎಂಎಯಲ್ಲಿ ಒಂದು ಬಿಟ್ಟನ್ನು ಹಾಗೆಯೇ ಕಳುಹಿಸುವುದಿಲ್ಲ. ಒಂದು ಬಿಟ್‌ಗೆ ಮೀಸಲಾದ ಅವಧಿಯಲ್ಲಿ ಹಲವು ಚಿಕ್ಕ ಚಿಕ್ಕ ಮಿಡಿತಗಳನ್ನು ಸಾಲಾಗಿ ಕಳುಹಿಸಲಾಗುತ್ತದೆ. ಈ ಒಂದೊಂದು ಮಿಡಿತಕ್ಕೂ 'ಚಿಪ್' ಎಂದು ಹೆಸರು. ಫೋನಿನೊಳಗಿರುವ ಸಿಲಿಕಾನ್ ಚಿಪ್‌ಗೂ ಇದಕ್ಕೂ ಸಂಬಂಧವಿಲ್ಲ, ಇಲ್ಲಿ ಚಿಪ್ ಎಂದರೆ ಬಿಟ್ಟಿನ ಒಂದು ಚೂರು ಅಷ್ಟೇ.

ಚಿಪ್‌ನ ಬೆಲೆ +1 ಇರಬಹುದು ಅಥವಾ -1 ಇರಬಹುದು. ಯಾರ ಚಿಪ್‌ಗಳು ಯಾವ ಕ್ರಮದಲ್ಲಿ ಬರಬೇಕು ಎಂಬ ಪಟ್ಟಿಯೇ ಅವರ ಕೋಡ್. ನಮ್ಮ ಲೆಕ್ಕಕ್ಕೆ ಒಂದು ಬಿಟ್‌ಗೆ ನಾಲ್ಕು ಚಿಪ್ ಇಟ್ಟುಕೊಳ್ಳೋಣ. ಆಶಾ, ಬಸು, ಚೈತ್ರಾ, ದಿನೇಶ್ ಎಂಬ ನಾಲ್ವರ ಫೋನುಗಳಿಗೆ ಟವರ್ ಈ ಕೋಡ್‌ಗಳನ್ನು ಕೊಟ್ಟಿದೆ:

```
ಆಶಾ     : +1 +1 +1 +1
ಬಸು     : +1 -1 +1 -1
ಚೈತ್ರಾ   : +1 +1 -1 -1
ದಿನೇಶ್   : +1 -1 -1 +1
```

ಕಳುಹಿಸುವ ನಿಯಮ ಸರಳ. ಬಿಟ್ 1 ಆದರೆ ಕೋಡನ್ನು ಇದ್ದ ಹಾಗೆಯೇ ಕಳುಹಿಸಬೇಕು. ಬಿಟ್ 0 ಆದರೆ ಕೋಡನ್ನು ತಿರುವುಮುರುವು ಮಾಡಿ, ಅಂದರೆ ಎಲ್ಲಾ +1 ಜಾಗದಲ್ಲಿ -1, ಎಲ್ಲಾ -1 ಜಾಗದಲ್ಲಿ +1 ಇಟ್ಟು ಕಳುಹಿಸಬೇಕು. ಹೇಳುವುದು ಏನೂ ಇಲ್ಲದಿದ್ದರೆ ನಾಲ್ಕು ಸೊನ್ನೆ.

ಆರ್ಥೋಗೋನಲ್ ಎಂಬ ಗುಣ

ಮೇಲಿನ ನಾಲ್ಕು ಕೋಡ್‌ಗಳನ್ನು ಹಾಗೇ ಮನಸ್ಸಿಗೆ ಬಂದಂತೆ ಬರೆದದ್ದಲ್ಲ. ಯಾವುದೇ ಎರಡನ್ನು ತೆಗೆದುಕೊಳ್ಳಿ. ಮೊದಲ ಚಿಪ್ಪನ್ನು ಮೊದಲನೆಯದರಿಂದ, ಎರಡನೆಯದನ್ನು ಎರಡನೆಯದರಿಂದ ಹೀಗೆ ಗುಣಿಸುತ್ತಾ ಹೋಗಿ, ಕೊನೆಗೆ ನಾಲ್ಕೂ ಉತ್ತರಗಳನ್ನು ಕೂಡಿಸಿ. ಬಸು ಮತ್ತು ಚೈತ್ರಾ ಅವರ ಕೋಡ್‌ಗಳಿಗೆ ಹೀಗೆ ಮಾಡಿದರೆ ಸಿಗುವುದು ಇದು:

```
ಬಸು      : +1 -1 +1 -1
ಚೈತ್ರಾ    : +1 +1 -1 -1
ಗುಣಲಬ್ಧ  : +1 -1 -1 +1   ಮೊತ್ತ = 0
```

ಎರಡು ಜಾಗದಲ್ಲಿ ಎರಡೂ ಕೋಡ್ ಒಪ್ಪುತ್ತವೆ, ಎರಡು ಜಾಗದಲ್ಲಿ ವಿರೋಧಿಸುತ್ತವೆ. ಒಪ್ಪಿದ್ದು, ವಿರೋಧಿಸಿದ್ದು ಸಮ ಆಗಿ ಸೊನ್ನೆ ಉಳಿಯುತ್ತದೆ. ಹೀಗೆ ಗುಣಿಸಿ ಕೂಡಿಸಿದಾಗ ಸೊನ್ನೆ ಬರುವ ಕೋಡ್‌ಗಳಿಗೆ ಆರ್ಥೋಗೋನಲ್ ಕೋಡ್ ಎನ್ನುತ್ತಾರೆ. ಒಂದಕ್ಕೊಂದು ಲಂಬವಾಗಿವೆ ಎಂದು ಇದರ ಅರ್ಥ. ಪೂರ್ವಕ್ಕೆ ಎಷ್ಟೇ ದೂರ ನಡೆದರೂ ಉತ್ತರಕ್ಕೆ ಒಂದು ಹೆಜ್ಜೆಯೂ ಹೋದಂತಾಗುವುದಿಲ್ಲ ಅಲ್ಲವೇ? ಹಾಗೆಯೇ ಬಸುವಿನ ಕೋಡ್‌ನಲ್ಲಿ ಎಷ್ಟೇ ಕಳುಹಿಸಿದರೂ ಚೈತ್ರಾಳ ಲೆಕ್ಕಕ್ಕೆ ಅದು ಸೇರುವುದಿಲ್ಲ.

ಇನ್ನು ಒಂದು ಕೋಡನ್ನು ಅದರಿಂದಲೇ ಗುಣಿಸಿ ಕೂಡಿಸಿದರೆ? ನಾಲ್ಕೂ ಜಾಗದಲ್ಲಿ +1 ಬಂದು ಮೊತ್ತ 4 ಆಗುತ್ತದೆ. ಬೇರೆಯವರೊಂದಿಗೆ ಸೊನ್ನೆ, ತನ್ನೊಂದಿಗೆ ನಾಲ್ಕು. ಸಿಡಿಎಂಎಯ ಗುಟ್ಟೆಲ್ಲ ಈ ಎರಡು ಉತ್ತರಗಳಲ್ಲೇ ಇದೆ.

ಈಗ ಲೆಕ್ಕ ಮಾಡಿ ನೋಡೋಣ

ಟವರ್ ಈಗ ಆಶಾಗೆ 1, ಬಸುಗೆ 0, ಚೈತ್ರಾಗೆ 1 ಕಳುಹಿಸಬೇಕಿದೆ. ದಿನೇಶ್‌ಗೆ ಏನೂ ಇಲ್ಲ. ಬಸುವಿನ ಬಿಟ್ 0 ಆದ್ದರಿಂದ ಅವನ ಕೋಡ್ ತಿರುವುಮುರುವಾಗುತ್ತದೆ. ನಾಲ್ಕನ್ನೂ ಟವರ್ ಕೂಡಿಸಿ ಒಂದೇ ಆಂಟೆನಾದಿಂದ ಪ್ರಸಾರ ಮಾಡುತ್ತದೆ:

```
ಆಶಾ (1)    : +1 +1 +1 +1
ಬಸು (0)    : -1 +1 -1 +1
ಚೈತ್ರಾ (1)  : +1 +1 -1 -1
ದಿನೇಶ್ (-)  :  0  0  0  0
ಒಟ್ಟು       : +1 +3 -1 +1
```

ಗಾಳಿಯಲ್ಲಿ ಹೋಗುವುದು ಕೊನೆಯ ಸಾಲು ಮಾತ್ರ. ನಾಲ್ಕೂ ಫೋನುಗಳಿಗೆ ಸಿಗುವುದು ಅದೇ ಸಾಲು. ಅದನ್ನು ನೋಡಿದರೆ ಯಾರಿಗೆ ಏನು ಹೇಳಿದ್ದಾರೆ ಎಂದು ಒಂದಿಷ್ಟೂ ತಿಳಿಯುವುದಿಲ್ಲ. ಈಗ ಪ್ರತಿ ಫೋನ್ ಆ ಸಾಲನ್ನು ತನ್ನ ಕೋಡ್‌ನಿಂದ ಗುಣಿಸಿ ಕೂಡಿಸುತ್ತದೆ:

```
ಆಶಾ    : +1 +3 -1 +1 = +4
ಬಸು    : +1 -3 -1 -1 = -4
ಚೈತ್ರಾ  : +1 +3 +1 -1 = +4
ದಿನೇಶ್  : +1 -3 +1 +1 =  0
```

ಪ್ರತಿ ಮೊತ್ತವನ್ನು ನಾಲ್ಕರಿಂದ ಭಾಗಿಸಿ. ಆಶಾಗೆ +1, ಅಂದರೆ ಬಿಟ್ 1. ಬಸುಗೆ -1, ಅಂದರೆ ಬಿಟ್ 0. ಚೈತ್ರಾಗೆ +1, ಅಂದರೆ ಬಿಟ್ 1. ದಿನೇಶ್‌ಗೆ ಸೊನ್ನೆ, ಅವನಿಗೆ ಯಾರೂ ಏನೂ ಹೇಳಿಲ್ಲ. ನಾಲ್ವರಿಗೂ ಉತ್ತರ ಸರಿಯಾಗಿ ಬಂತು.

ಇದು ಕಾಕತಾಳೀಯ ಅಲ್ಲ. ಗಾಳಿಯಲ್ಲಿದ್ದ ಸಾಲು ಮೂವರ ಕೋಡ್‌ಗಳ ಮಿಶ್ರಣ. ಬಸುವಿನ ಫೋನ್ ತನ್ನ ಕೋಡ್‌ನಿಂದ ಗುಣಿಸಿ ಕೂಡಿಸಿದಾಗ, ಮಿಶ್ರಣದಲ್ಲಿದ್ದ ಆಶಾಳ ಪಾಲು ಸೊನ್ನೆ, ಚೈತ್ರಾಳ ಪಾಲೂ ಸೊನ್ನೆ. ಉಳಿದದ್ದು ಬಸುವಿನ ಪಾಲು ಒಂದೇ. ಬೇರೆಯವರ ಸಂಕೇತವನ್ನು ಯಾರೂ ಸೋಸಿ ಹೊರಗೆ ಹಾಕಲಿಲ್ಲ, ಅದು ಲೆಕ್ಕದಲ್ಲಿ ತನ್ನಷ್ಟಕ್ಕೆ ತಾನೇ ಅಳಿಸಿಹೋಯಿತು.

ಗಾಳಿಯಲ್ಲಿ ಗದ್ದಲ ಇದ್ದರೆ?

ನಿಜವಾದ ಗಾಳಿಯಲ್ಲಿ ಸಂಕೇತ ಇಷ್ಟು ಶುದ್ಧವಾಗಿ ತಲುಪುವುದಿಲ್ಲ. ಗದ್ದಲ ಸೇರಿ +1 +3 -1 +1 ಎಂಬ ಸಾಲು +1.5 +2.2 -0.6 +0.5 ಎಂದು ಬಂತು ಎನ್ನಿ. ಮತ್ತೆ ಅದೇ ಲೆಕ್ಕ ಮಾಡಿ ನಾಲ್ಕರಿಂದ ಭಾಗಿಸಿದರೆ ಆಶಾಗೆ +0.9, ಬಸುಗೆ -0.45, ಚೈತ್ರಾಗೆ +0.95, ದಿನೇಶ್‌ಗೆ +0.1 ಬರುತ್ತದೆ. ಮೊದಲ ಮೂವರಲ್ಲಿ ಚಿಹ್ನೆ ಬದಲಾಗಿಲ್ಲ, ದಿನೇಶನದು ಸೊನ್ನೆಯ ಹತ್ತಿರವೇ ಇದೆ. ಹಾಗಾಗಿ ಬಿಟ್‌ಗಳು ಉಳಿದುಕೊಂಡವು. ಬಸುವಿನದು ಮಾತ್ರ ಅರ್ಧಕ್ಕಿಂತ ಕೆಳಗೆ ಬಂದಿದೆ. ಗದ್ದಲ ಇನ್ನಷ್ಟು ಹೆಚ್ಚಿದರೆ ಮೊದಲು ತಪ್ಪುವುದು ಅವನ ಬಿಟ್.

ಒಂದು ಬಿಟ್‌ಗೆ ಚಿಪ್‌ಗಳು ಹೆಚ್ಚಾದಷ್ಟೂ ಈ ಭದ್ರತೆ ಹೆಚ್ಚು. ತನ್ನ ಸಂಕೇತ ಪ್ರತಿ ಚಿಪ್‌ನಲ್ಲೂ ಒಂದೇ ದಿಕ್ಕಿಗೆ ಕೂಡುತ್ತಾ ಬೆಳೆಯುತ್ತದೆ. ಗದ್ದಲ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಿ ಬಹುಪಾಲು ತನ್ನನ್ನು ತಾನೇ ಕಳೆದುಕೊಳ್ಳುತ್ತದೆ.

ಐದನೆಯವರಿಗೆ ಜಾಗ ಇದೆಯೇ?

ಹಾಗಾದರೆ ನಾಲ್ಕು ಚಿಪ್‌ಗಳಲ್ಲೇ ಐದನೆಯವರನ್ನೂ ಸೇರಿಸಬಹುದೇ? ಆಗದು. ಉದಾಹರಣೆಗೆ ಐದನೆಯವರಿಗೆ +1 +1 +1 -1 ಕೊಟ್ಟು ನೋಡಿ. ಇದನ್ನು ಆಶಾ, ಬಸು, ಚೈತ್ರಾ ಅವರ ಕೋಡ್‌ಗಳಿಂದ ಗುಣಿಸಿ ಕೂಡಿಸಿದರೆ +2, ದಿನೇಶನ ಕೋಡ್‌ನಿಂದ -2. ಸೊನ್ನೆ ಎಲ್ಲೂ ಬರಲಿಲ್ಲ. ಅಂದರೆ ಐದನೆಯವರ ಮಾತು ನಾಲ್ವರ ಕಿವಿಗೂ ಅರ್ಧದಷ್ಟು ಸೋರುತ್ತದೆ. ಬೇರೆ ಯಾವ ಜೋಡಣೆ ಹಾಕಿದರೂ ಪಾರಾಗಲು ದಾರಿಯಿಲ್ಲ. ನಾಲ್ಕು ಚಿಪ್‌ಗಳಿಗೆ ಆರ್ಥೋಗೋನಲ್ ಕೋಡ್ ನಾಲ್ಕೇ.

ಹೆಚ್ಚು ಜನ ಬೇಕೆಂದರೆ ಕೋಡ್ ಉದ್ದ ಮಾಡಬೇಕು. ಅದಕ್ಕೊಂದು ಸುಲಭದ ಸೂತ್ರವಿದೆ. ಇರುವ ಪ್ರತಿ ಕೋಡ್‌ನಿಂದ ಎರಡು ಹೊಸ ಕೋಡ್ ಮಾಡಿ. ಒಂದರಲ್ಲಿ ಹಳೆಯದನ್ನೇ ಎರಡು ಸಲ ಬರೆಯಿರಿ. ಇನ್ನೊಂದರಲ್ಲಿ ಒಮ್ಮೆ ಇದ್ದ ಹಾಗೆ, ಇನ್ನೊಮ್ಮೆ ತಿರುವುಮುರುವು ಮಾಡಿ ಬರೆಯಿರಿ. ನಾಲ್ಕು ಎಂಟಾಗುತ್ತದೆ, ಎಂಟು ಹದಿನಾರು. ಹೀಗೆ ಹುಟ್ಟುವ ಕೋಡ್‌ಗಳಿಗೆ ಅಮೆರಿಕದ ಗಣಿತಜ್ಞ ಜೋಸೆಫ್ ವಾಲ್ಷ್ ಅವರ ಹೆಸರಿನಲ್ಲಿ ವಾಲ್ಷ್ ಕೋಡ್ ಎನ್ನುತ್ತಾರೆ. ಅವರು ಇವುಗಳ ಬಗ್ಗೆ ಪ್ರಬಂಧ ಪ್ರಕಟಿಸಿದ್ದು 1923ರಲ್ಲಿ, ಮೊಬೈಲ್ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ.

ಭಾರತಕ್ಕೆ ಬಂದ ಸಿಡಿಎಂಎ ಕುಟುಂಬದ ಮೂಲ ಮಾನದಂಡ ಐಎಸ್-95ರಲ್ಲಿ ವಾಲ್ಷ್ ಕೋಡ್‌ನ ಉದ್ದ 64 ಚಿಪ್. ಮಾತಿನ ಬಿಟ್‌ಗಳು ದೋಷ ತಿದ್ದುವ ಹೆಚ್ಚುವರಿ ಬಿಟ್‌ಗಳೂ ಸೇರಿ ಸೆಕೆಂಡಿಗೆ 19,200ರ ವೇಗದಲ್ಲಿ ಬರುತ್ತವೆ. ಒಂದೊಂದಕ್ಕೂ 64 ಚಿಪ್ ಎಂದರೆ ಸೆಕೆಂಡಿಗೆ 12,28,800 ಚಿಪ್. ಇಷ್ಟು ವೇಗದ ಮಿಡಿತಗಳಿಗೆ ಅಗಲವಾದ ಪಟ್ಟಿಯೇ ಬೇಕು, ಹಾಗಾಗಿ ಒಂದು ಸಿಡಿಎಂಎ ಚಾನೆಲ್‌ಗೆ 1.25 ಮೆಗಾಹರ್ಟ್ಸ್ ಮೀಸಲು. ಜಿಎಸ್‌ಎಂಗೆ ಒಂದು ಪಟ್ಟಿಗೆ ಬೇಕಿದ್ದದ್ದು 0.2 ಮೆಗಾಹರ್ಟ್ಸ್ ಅಷ್ಟೇ. ಕೋಡ್ ಹಂಚುವುದರಿಂದ ಜಾಗ ಪುಕ್ಕಟೆಯಾಗಿ ಹುಟ್ಟಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಾಲ್ವರಿಗೆ ನಾಲ್ಕು ಪಟ್ಟು ಅಗಲ, 64 ಕೋಡ್‌ಗೆ 64 ಪಟ್ಟು ಅಗಲ.

ಲಾಭ ಸಿಕ್ಕಿದ್ದು ಬೇರೆ ಕಡೆ. ಜಿಎಸ್‌ಎಂನಲ್ಲಿ ಅಕ್ಕಪಕ್ಕದ ಟವರ್‌ಗಳಿಗೆ ಬೇರೆ ಬೇರೆ ಫ್ರೀಕ್ವೆನ್ಸಿ ಕೊಡಬೇಕಿತ್ತು. ಸಿಡಿಎಂಎಯಲ್ಲಿ ಊರಿನ ಎಲ್ಲಾ ಟವರ್‌ಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡಬಲ್ಲವು. ಪ್ರತಿ ಟವರ್ ತನ್ನ ವಾಲ್ಷ್ ಕೋಡ್‌ಗಳ ಮೇಲೆ 32,768 ಚಿಪ್ ಉದ್ದದ ಇನ್ನೊಂದು ಕೋಡನ್ನು ಹೊದಿಸುತ್ತದೆ. ಈ ಕೋಡ್ ಎಲ್ಲಾ ಟವರ್‌ಗಳಿಗೂ ಒಂದೇ, ಆದರೆ ಶುರುವಾಗುವ ಜಾಗ ಮಾತ್ರ ಬೇರೆ ಬೇರೆ. ಆ ಜಾಗ ನೋಡಿಯೇ ಫೋನ್ 'ಇದು ನನ್ನ ಟವರ್' ಎಂದು ಗುರುತಿಸುತ್ತದೆ. ಪಕ್ಕದ ಟವರ್‌ನ ಮಾತು ಅದಕ್ಕೆ ಬರೀ ಸಣ್ಣ ಗದ್ದಲವಾಗಿ ಕೇಳುತ್ತದೆ.

ಒಂದೇ ಒಂದು ಚಿಪ್ ತಡವಾದರೆ

ಇಲ್ಲಿಯವರೆಗಿನ ಲೆಕ್ಕದಲ್ಲಿ ಒಂದು ವಿಷಯವನ್ನು ಸದ್ದಿಲ್ಲದೆ ಒಪ್ಪಿಕೊಂಡಾಗಿದೆ. ಎಲ್ಲರ ಮೊದಲ ಚಿಪ್ ಒಂದೇ ಕ್ಷಣಕ್ಕೆ ತಲುಪುತ್ತದೆ ಎಂಬುದೇ ಅದು. ಅದು ತಪ್ಪಿದರೆ ಏನಾಗುತ್ತದೆ?

ಚೈತ್ರಾಳ ಸಂಕೇತ ಒಂದು ಚಿಪ್‌ನಷ್ಟು ತಡವಾಗಿ ಬಂತು ಎಂದುಕೊಳ್ಳಿ. ಅವಳಿಗೆ ಸತತವಾಗಿ 1 ಬಿಟ್ಟೇ ಹೋಗುತ್ತಿದೆ. ಆಗ +1 +1 -1 -1 ಎಂಬ ಸಾಲು ಒಂದು ಜಾಗ ಬಲಕ್ಕೆ ಸರಿದು, ಹಿಂದಿನ ಬಿಟ್‌ನ ಬಾಲ ಮುಂದೆ ಬಂದು, -1 +1 +1 -1 ಆಗುತ್ತದೆ. ಇದನ್ನು ದಿನೇಶನ ಕೋಡ್ ಜತೆ ಹೋಲಿಸಿ:

```
ತಡವಾದ ಚೈತ್ರಾ : -1 +1 +1 -1
ದಿನೇಶ್ ಕೋಡ್   : +1 -1 -1 +1
ಗುಣಲಬ್ಧ       : -1 -1 -1 -1   ಮೊತ್ತ = -4
```

ದಿನೇಶ್‌ಗೆ ಯಾರೂ ಏನೂ ಕಳುಹಿಸಿಲ್ಲ. ಆದರೂ ಅವನ ಫೋನಿಗೆ ಪೂರ್ತಿ ಬಲದ 0 ಬಿಟ್ ಬಂತು. ಅತ್ತ ಚೈತ್ರಾಳ ಫೋನ್ ಇದೇ ಸಾಲನ್ನು ತನ್ನ ಕೋಡ್‌ನಿಂದ ಗುಣಿಸಿ ಕೂಡಿಸಿದರೆ ಸೊನ್ನೆ. ಅವಳ ಮಾತು ಅವಳಿಗೇ ತಲುಪದೆ, ತಿರುವುಮುರುವಾಗಿ ಪಕ್ಕದವನ ಕಿವಿಗೆ ಬಿತ್ತು. ಆರ್ಥೋಗೋನಲ್ ಗುಣ ಎಷ್ಟು ಸೊಗಸೋ ಅಷ್ಟೇ ನಾಜೂಕು. ಸಾಲುಗಳು ಸರಿಯಾಗಿ ಹೊಂದಿಕೊಂಡಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಐಎಸ್-95ರಲ್ಲಿ ಒಂದು ಚಿಪ್‌ನ ಅವಧಿಯಲ್ಲಿ ರೇಡಿಯೋ ತರಂಗ ಸುಮಾರು 244 ಮೀಟರ್ ಸಾಗುತ್ತದೆ. ಅಂದರೆ ಟವರ್‌ನಿಂದ ನೇರ ಬಂದ ಸಂಕೇತದ ಜತೆಗೆ, ದೂರದ ಕಟ್ಟಡಕ್ಕೆ ಬಡಿದು 244 ಮೀಟರ್ ಹೆಚ್ಚು ಸುತ್ತಿ ಬಂದ ಪ್ರತಿಧ್ವನಿ ಸರಿಯಾಗಿ ಒಂದು ಚಿಪ್ ತಡವಾಗಿರುತ್ತದೆ. ಮುಂಬೈ, ಚೆನ್ನೈಯಂತಹ ನಗರಗಳಲ್ಲಿ ಇದು ಪ್ರತಿ ಬೀದಿಯ ಕಥೆ. ಮೇಲೆ ಹೊದಿಸಿದ 32,768 ಚಿಪ್‌ನ ಕೋಡ್ ಇಲ್ಲೂ ನೆರವಿಗೆ ಬರುತ್ತದೆ. ತಡವಾದ ಪ್ರತಿಧ್ವನಿ ಇನ್ನೊಬ್ಬರ ಬಿಟ್‌ನಂತೆ ಕಾಣದೆ ಗದ್ದಲದಂತೆ ಚದುರಿಹೋಗುತ್ತದೆ. ಜತೆಗೆ ಫೋನಿನಲ್ಲಿ ಒಂದಕ್ಕಿಂತ ಹೆಚ್ಚು 'ಬೆರಳು'ಗಳಿರುವ ರೇಕ್ ರಿಸೀವರ್ ಇರುತ್ತದೆ. ಒಂದೊಂದು ಬೆರಳು ಒಂದೊಂದು ಪ್ರತಿಧ್ವನಿಯ ತಡವನ್ನು ಗುರುತಿಸಿ, ಅದಕ್ಕೆ ತಕ್ಕಂತೆ ಕೋಡನ್ನು ಸರಿಸಿ ಲೆಕ್ಕ ಮಾಡುತ್ತದೆ. ಕೊನೆಗೆ ಎಲ್ಲಾ ಉತ್ತರಗಳನ್ನೂ ಸೇರಿಸುತ್ತದೆ. ತೊಂದರೆ ಕೊಡಬೇಕಿದ್ದ ಪ್ರತಿಧ್ವನಿಯೇ ಹೀಗೆ ಬಲವಾಗಿ ಬದಲಾಗುತ್ತದೆ.

ಹತ್ತಿರದವರ ಕೂಗಿನಲ್ಲಿ ದೂರದವರ ಪಿಸುಮಾತು

ಟವರ್‌ನಿಂದ ಫೋನ್‌ಗಳಿಗೆ ಹೋಗುವ ದಾರಿಯಲ್ಲಿ ಎಲ್ಲರ ಚಿಪ್‌ಗಳೂ ಒಂದೇ ಆಂಟೆನಾದಿಂದ ಒಟ್ಟಿಗೇ ಹೊರಡುವುದರಿಂದ ಹೊಂದಾಣಿಕೆ ಸುಲಭ. ಫೋನ್‌ಗಳಿಂದ ಟವರ್‌ಗೆ ಬರುವ ದಾರಿ ಹಾಗಲ್ಲ. ಒಬ್ಬರು ಟವರ್ ಬುಡದಲ್ಲಿ, ಇನ್ನೊಬ್ಬರು ಒಂದು ಕಿಲೋಮೀಟರ್ ಆಚೆ, ಮತ್ತೊಬ್ಬರು ಓಡುವ ರೈಲಿನಲ್ಲಿ. ಎಲ್ಲರ ಚಿಪ್‌ಗಳೂ ಒಂದೇ ಕ್ಷಣಕ್ಕೆ ತಲುಪುವಂತೆ ಮಾಡುವುದು ಬಹಳ ಕಷ್ಟ. ಅದಕ್ಕೇ ಐಎಸ್-95 ಈ ದಾರಿಯಲ್ಲಿ ಫೋನ್‌ಗಳನ್ನು ಬೇರ್ಪಡಿಸಲು ವಾಲ್ಷ್ ಕೋಡ್ ನೆಚ್ಚಿಕೊಳ್ಳಲಿಲ್ಲ. ಬದಲಿಗೆ ಒಮ್ಮೆ ಶುರುವಾದರೆ 41 ದಿನಗಳ ಬಳಿಕವಷ್ಟೇ ಮರುಕಳಿಸುವ ಒಂದು ಉದ್ದನೆಯ ಕೋಡನ್ನು ಬಳಸಿತು. ಪ್ರತಿ ಫೋನ್‌ಗೂ ಅದರಲ್ಲಿ ತನ್ನದೇ ಜಾಗ ಇರುತ್ತದೆ. ಈ ಕೋಡ್‌ಗಳು ಎಷ್ಟು ಸರಿದರೂ ಒಂದರೊಳಗೊಂದು ಹೆಚ್ಚು ಸೋರುವುದಿಲ್ಲ. ಆದರೆ ಸೋರಿಕೆ ಪೂರ್ತಿ ಸೊನ್ನೆಯೂ ಅಲ್ಲ.

ಸಮಸ್ಯೆ ಇರುವುದು ಆ 'ಪೂರ್ತಿ ಸೊನ್ನೆ ಅಲ್ಲ' ಎಂಬಲ್ಲಿ. ಹಿಂದೆ ಹೇಳಿದ ಐದನೆಯವರನ್ನೇ ಮತ್ತೆ ನೋಡಿ. ಅವರು 0 ಕಳುಹಿಸಿದರೆ ಆಶಾಳ ಲೆಕ್ಕಕ್ಕೆ -2 ಸೇರುತ್ತದೆ. ಆಶಾಳ ಸ್ವಂತ +4 ಜತೆ ಕೂಡಿದರೆ +2 ಉಳಿಯುತ್ತದೆ, ಬಿಟ್ ಸುರಕ್ಷಿತ. ಈಗ ಐದನೆಯವರ ಸಂಕೇತ ಮೂರು ಪಟ್ಟು ಎತ್ತರದ್ದಾಗಿದ್ದರೆ? ಸೋರಿಕೆ -6 ಆಗುತ್ತದೆ. +4 ಮತ್ತು -6 ಸೇರಿ -2. ಆಶಾ ಕಳುಹಿಸಿದ 1 ಟವರ್‌ನಲ್ಲಿ 0 ಎಂದು ದಾಖಲಾಯಿತು.

ನಿಜ ಜೀವನದಲ್ಲಿ ವ್ಯತ್ಯಾಸ ಮೂರು ಪಟ್ಟಿಗೆ ನಿಲ್ಲುವುದಿಲ್ಲ. ನಗರಗಳಲ್ಲಿ ಸಂಕೇತದ ಶಕ್ತಿ ಸುಮಾರಾಗಿ ದೂರದ ನಾಲ್ಕನೇ ಘಾತದಂತೆ ಕುಸಿಯುತ್ತದೆ. ಟವರ್‌ನಿಂದ 100 ಮೀಟರ್ ದೂರದಲ್ಲಿರುವ ಫೋನ್, ಒಂದು ಕಿಲೋಮೀಟರ್ ದೂರದ ಫೋನಿಗಿಂತ 10,000 ಪಟ್ಟು ಬಲವಾಗಿ ಕೇಳಿಸಬಹುದು. ಐಎಸ್-95ರಲ್ಲಿ ಸೆಕೆಂಡಿಗೆ 9,600 ಬಿಟ್‌ನ ಮಾತನ್ನು 12,28,800 ಚಿಪ್‌ಗಳಿಗೆ ಹರಡಿದ್ದರಿಂದ ಸಿಗುವ ರಕ್ಷಣೆ 128 ಪಟ್ಟು ಮಾತ್ರ. 128 ಪಟ್ಟಿನ ಕೊಡೆ ಹಿಡಿದು 10,000 ಪಟ್ಟಿನ ಮಳೆಗೆ ನಿಂತಂತೆ. ಟವರ್ ಬುಡದಲ್ಲಿ ನಿಂತ ಒಬ್ಬನೇ ಒಬ್ಬ ಇಡೀ ಬಡಾವಣೆಯ ಮಾತನ್ನು ಮುಳುಗಿಸಬಲ್ಲ.

ಇದೇ ಕಾರಣಕ್ಕೆ ಸಿಡಿಎಂಎ ಮೊಬೈಲ್‌ಗೆ ಒಗ್ಗುವುದಿಲ್ಲ ಎಂಬ ಸಂದೇಹ ಹಿಂದೆ ಇತ್ತು. ಇರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತಿತರರು 1985ರಲ್ಲಿ ಕಟ್ಟಿದ ಕ್ವಾಲ್ಕಾಮ್ ಕಂಪನಿ 1989ರ ನವೆಂಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಇದನ್ನು ಓಡಿಸಿ ತೋರಿಸಿತು. ಪರಿಹಾರ ಇಷ್ಟೇ: ಯಾರೂ ಬೇಕಾದ್ದಕ್ಕಿಂತ ಜೋರಾಗಿ ಮಾತನಾಡಬಾರದು. ಐಎಸ್-95ರಲ್ಲಿ ಟವರ್ ಪ್ರತಿ ಫೋನಿಗೂ ಸೆಕೆಂಡಿಗೆ 800 ಸಲ 'ಸ್ವಲ್ಪ ಏರಿಸು' ಅಥವಾ 'ಸ್ವಲ್ಪ ಇಳಿಸು' ಎಂದು ಆಜ್ಞೆ ಕಳುಹಿಸುತ್ತದೆ. ಒಂದೊಂದು ಆಜ್ಞೆಗೆ ಫೋನಿನ ಶಕ್ತಿ ಸುಮಾರು ಕಾಲು ಭಾಗದಷ್ಟು ಏರುತ್ತದೆ ಅಥವಾ ಇಳಿಯುತ್ತದೆ. ಹತ್ತಿರದವರು ಪಿಸುಗುಟ್ಟಿ, ದೂರದವರು ಕೂಗಿ, ಟವರ್ ಕಿವಿಗೆ ಎಲ್ಲರೂ ಒಂದೇ ಮಟ್ಟದಲ್ಲಿ ಕೇಳುವಂತೆ ಆಗುತ್ತದೆ. ಫೋನಿನ ಬ್ಯಾಟರಿಯೂ ಇದರಿಂದ ಉಳಿಯಿತು.

ಕಡ್ಡಿ ಪೂರ್ತಿ ಇದ್ದರೂ ಮಾತು ತುಂಡಾಗುವುದೇಕೆ?

ಜನ ಹೆಚ್ಚಾದಾಗ ಸಿಡಿಎಂಎ ಸೋಲುವ ರೀತಿಯೂ ಬೇರೆ. ಜಿಎಸ್‌ಎಂನಲ್ಲಿ ಸರದಿಗಳು ಮುಗಿದರೆ ಹೊಸ ಕರೆಗೆ ಜಾಗವಿಲ್ಲ, ಇದ್ದವರ ಕರೆ ಮಾತ್ರ ಹಾಗೆಯೇ ನಡೆಯುತ್ತದೆ. ಸಿಡಿಎಂಎಯಲ್ಲಿ ಪ್ರತಿ ಹೊಸ ಕರೆಯೂ ಉಳಿದೆಲ್ಲರಿಗೂ ಸ್ವಲ್ಪ ಸ್ವಲ್ಪ ಗದ್ದಲ ಸೇರಿಸುತ್ತದೆ. ಎಲ್ಲರೂ ಶಕ್ತಿ ಏರಿಸಬೇಕಾಗುತ್ತದೆ. ಟವರ್‌ನ ಅಂಚಿನಲ್ಲಿರುವ ಫೋನ್ ಆಗಲೇ ತನ್ನ ಗರಿಷ್ಠ ಶಕ್ತಿಯಲ್ಲಿರುವುದರಿಂದ ಅದಕ್ಕೆ ಇನ್ನು ಏರಿಸಲಾಗದು, ಮೊದಲು ಕಡಿದುಹೋಗುವುದು ಅದೇ. ಜನಸಂದಣಿಯ ಹೊತ್ತಿನಲ್ಲಿ ಟವರ್‌ನ ವ್ಯಾಪ್ತಿ ಕುಗ್ಗಿ, ರಾತ್ರಿ ಮತ್ತೆ ಹಿಗ್ಗುತ್ತದೆ. ಎಂಜಿನಿಯರ್‌ಗಳು ಇದನ್ನು ಟವರ್ 'ಉಸಿರಾಡುತ್ತದೆ' ಎಂದೇ ಕರೆಯುತ್ತಾರೆ.

ಇದನ್ನು ಗುರುತಿಸುವುದೂ ಹಾಗೆಯೇ. ಫೋನಿನ ಸಿಗ್ನಲ್ ಕಡ್ಡಿಗಳು ಪೂರ್ತಿ ಇರುತ್ತವೆ, ಆದರೂ ಧ್ವನಿ ತುಂಡು ತುಂಡಾಗುತ್ತದೆ. ಕಡ್ಡಿಗಳು ಅಳೆದದ್ದು ಗಾಳಿಯಲ್ಲಿರುವ ಒಟ್ಟು ಶಕ್ತಿಯನ್ನಾದರೆ, ಅದರಲ್ಲಿ ಬೇರೆಯವರ ಕೋಡ್‌ಗಳೂ ಸೇರಿರುತ್ತವೆ. ಹಾಗಾಗಿ ಪರೀಕ್ಷೆಗೆ ಹೋಗುವ ಎಂಜಿನಿಯರ್‌ಗಳು ನೋಡುವುದು ಒಟ್ಟು ಶಕ್ತಿಯಲ್ಲಿ ತಮ್ಮ ಟವರ್‌ನ ಪಾಲೆಷ್ಟು ಎಂಬುದನ್ನು. ಒಟ್ಟು ಹೆಚ್ಚಿದ್ದು ಪಾಲು ಕಡಿಮೆ ಇದ್ದರೆ, ಕೊರತೆ ಇರುವುದು ಸಿಗ್ನಲ್‌ನಲ್ಲಿ ಅಲ್ಲ, ಗದ್ದಲ ಹೆಚ್ಚಾಗಿದೆ ಎಂದರ್ಥ.

ಹಳೆಯ ತೊಂದರೆಯೇ ಹೊಸ ಅಳತೆಗೋಲು

4ಜಿ ಬಂದ ಮೇಲೆ ಮೊಬೈಲ್ ಜಾಲಗಳು ಬೇರೆ ದಾರಿ ಹಿಡಿದವು. ಭಾರತದ ಹಳೆಯ ಸಿಡಿಎಂಎ ಸೇವೆಗಳು ಮುಚ್ಚಿಹೋದವು. ಆದರೆ ಗುಣಿಸಿ ಕೂಡಿಸುವ ಆ ಲೆಕ್ಕ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಇಂದಿಗೂ ನಡೆಯುತ್ತಿದೆ. ಮ್ಯಾಪ್ ತೆರೆದಾಗ ನೀಲಿ ಚುಕ್ಕೆ ಕಾಣಿಸುವುದೇ ಅದರಿಂದ.

ಜಿಪಿಎಸ್ ಉಪಗ್ರಹಗಳು ನಾಗರಿಕ ಬಳಕೆಯ ತಮ್ಮ ಮೂಲ ಸಂಕೇತವನ್ನು ಒಂದೇ ಫ್ರೀಕ್ವೆನ್ಸಿಯಲ್ಲಿ, 1575.42 ಮೆಗಾಹರ್ಟ್ಸ್‌ನಲ್ಲಿ, ಒಟ್ಟಿಗೇ ಕಳುಹಿಸುತ್ತವೆ. ಪ್ರತಿ ಉಪಗ್ರಹಕ್ಕೂ 1,023 ಚಿಪ್‌ಗಳ ತನ್ನದೇ ಕೋಡ್ ಇದೆ. ಇವು ಪೂರ್ತಿ ಆರ್ಥೋಗೋನಲ್ ಅಲ್ಲ, ಗೋಲ್ಡ್ ಕೋಡ್ ಎಂಬ ಬಗೆಯವು. ತನ್ನ ಕೋಡ್ ಸರಿಯಾಗಿ ಹೊಂದಿಕೊಂಡರೆ ಮೊತ್ತ 1,023. ಬೇರೆ ಉಪಗ್ರಹದ ಕೋಡ್ ಜತೆ, ಎಷ್ಟೇ ಚಿಪ್ ಸರಿಸಿದರೂ, ಮೊತ್ತ -65, -1 ಅಥವಾ +63 ಮಾತ್ರ. ಸೊನ್ನೆಯನ್ನು ಬಿಟ್ಟುಕೊಟ್ಟು, ಯಾವ ತಡಕ್ಕೂ ಕೆಡದ ಸಣ್ಣ ಸೋರಿಕೆಯನ್ನು ಇಲ್ಲಿ ಆರಿಸಿಕೊಳ್ಳಲಾಗಿದೆ. ಇಸ್ರೋದ ನಾವಿಕ್ ವ್ಯವಸ್ಥೆಯ ನಾಗರಿಕ ಸೇವೆಯೂ 1,023 ಚಿಪ್‌ಗಳ ಗೋಲ್ಡ್ ಕೋಡನ್ನೇ ಬಳಸುತ್ತದೆ. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿ.

ಚೈತ್ರಾಳ ಮಾತನ್ನು ದಿನೇಶನ ಕಿವಿಗೆ ಹಾಕಿದ್ದ ಆ ತಡ ಇಲ್ಲಿ ಕೆಲಸಕ್ಕೆ ಬರುತ್ತದೆ. ಫೋನ್ ತನ್ನಲ್ಲಿರುವ ಕೋಡನ್ನು ಒಂದೊಂದೇ ಚೂರು ಸರಿಸುತ್ತಾ, ಗುಣಿಸಿ ಕೂಡಿಸುತ್ತಾ ಹೋಗುತ್ತದೆ. ಎಲ್ಲಿ ಮೊತ್ತ ಥಟ್ಟನೆ ಮೇಲೇಳುತ್ತದೋ ಅಷ್ಟು ತಡವಾಗಿ ಸಂಕೇತ ಬಂದಿದೆ ಎಂದರ್ಥ. ಒಂದು ಚಿಪ್ ತಡ ಎಂದರೆ ಸುಮಾರು 293 ಮೀಟರ್ ದೂರ. ಚಿಪ್‌ನ ಸಣ್ಣ ಭಾಗದವರೆಗೂ ಇದನ್ನು ಅಳೆಯಬಹುದಾದ್ದರಿಂದ ಉತ್ತರ ಕೆಲವೇ ಮೀಟರ್‌ಗಳಿಗೆ ಇಳಿಯುತ್ತದೆ. ಹೀಗೆ ಕನಿಷ್ಠ ನಾಲ್ಕು ಉಪಗ್ರಹಗಳ ತಡ ಸಿಕ್ಕರೆ ನೀವು ಯಾವ ಬೀದಿಯಲ್ಲಿ ನಿಂತಿದ್ದೀರಿ ಎಂದು ಫೋನ್ ಹೇಳುತ್ತದೆ.